ಸೀಟೇ ಇಲ್ಲದ ಟಿಕೆಟ್: ಕನ್ಫರ್ಮ್ ಆಗದಿದ್ದರೇ ಏಜೆಂಟ್‌ಗೆ ಹೆಚ್ಚು ಲಾಭ

ರಾಣೆಬೆನ್ನೂರು: ದೀಪಾವಳಿ ಮುಗಿಸಿಕೊಂಡು ಬೆಂಗಳೂರಿಗೆ ವಾಪಸ್ ಹೊರಡುವ ದಿನ ರಾತ್ರಿ ರೈಲಿಗೆ ಸೀಟು ಸಿಗೋದು ಎಷ್ಟು ಕಷ್ಟ ಅಂತ ತಾಲೂಕಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿ ಇಲ್ಲಿಗೆ ಬರುವ ಹೊತ್ತಿಗೆ ತುಂಬಿರುತ್ತದೆ. ಮೊಬೈಲ್‌ನಲ್ಲಿ ನೋಡಿದರೆ ಬರೀ ವೇಟಿಂಗ್. ಆಗ ನೆನಪಾಗುವುದು ಟಿಕೆಟ್ ಮಾಡಿಸಿಕೊಡುವ ಪರಿಚಯದ ಹುಡುಗ, ಇಲ್ಲವೇ ವಾಟ್ಸಾಪ್ ಗ್ರೂಪಿನಲ್ಲಿ ಬಂದ ನಂಬರು. "ಒಂದಕ್ಕೆ ಏಳ್ನೂರು ಆಗ್ತೈತ್ರಿ, ಕನ್ಫರ್ಮ್ ನನ್ನ ಜವಾಬ್ದಾರಿ" ಅನ್ನುವ ಮಾತು ಕೇಳಿದರೆ ಜನ ದುಡ್ಡು ಕೊಟ್ಟುಬಿಡುತ್ತಾರೆ.

ಸಂಜೆ ವಾಟ್ಸಾಪ್‌ಗೆ ಪಿಡಿಎಫ್ ಬರುತ್ತದೆ. ಹೆಸರು, ವಯಸ್ಸು, ಕೋಚ್, ಬರ್ತ್ ನಂಬರ್ ಎಲ್ಲ ಸರಿಯಾಗಿಯೇ ಇರುತ್ತದೆ. ಗಾಡಿ ಹತ್ತಿದ ಮೇಲೆ ಆ ಬರ್ತಿನಲ್ಲಿ ಬೇರೆಯವರು ಮಲಗಿರುತ್ತಾರೆ. ಟಿಸಿ ಬಂದು ತಮ್ಮ ಕೈಯಲ್ಲಿರುವ ಪಟ್ಟಿ ನೋಡಿ, "ನಿಮ್ಮ ಹೆಸರೇ ಇಲ್ಲ" ಅನ್ನುತ್ತಾರೆ.

ಇಂಥ ಘಟನೆಯನ್ನು ಜನ ಸಾಮಾನ್ಯವಾಗಿ "ಏಜೆಂಟ್ ಪ್ರಯತ್ನ ಮಾಡಿದ, ಸೀಟು ಸಿಗಲಿಲ್ಲ" ಅಂತ ತಿಳಿದು ಸುಮ್ಮನಾಗುತ್ತಾರೆ. ಆದರೆ ದುಡ್ಡು ಯಾವ ಖಾತೆಯಿಂದ ಹೋಗಿ ಯಾವ ಖಾತೆಗೆ ಬರುತ್ತದೆ ಅಂತ ನೋಡಿದರೆ ಚಿತ್ರ ಬೇರೆಯೇ ಇದೆ. ಅನಧಿಕೃತ ಏಜೆಂಟ್‌ಗೆ ಸೀಟು ಸಿಕ್ಕಾಗ ಬರುವ ಲಾಭಕ್ಕಿಂತ ಸಿಗದಿದ್ದಾಗ ಬರುವ ಲಾಭವೇ ಹೆಚ್ಚು.

ರಿಫಂಡ್ ಯಾರ ಖಾತೆಗೆ?

ರೈಲ್ವೆ ಆನ್‌ಲೈನ್ ಟಿಕೆಟಿನಲ್ಲಿ ಒಂದು ನಿಯಮವಿದೆ. ಒಂದು ಪಿಎನ್‌ಆರ್‌ನಲ್ಲಿರುವ ಎಲ್ಲರೂ ಚಾರ್ಟ್ ಆಗುವವರೆಗೂ ವೇಟಿಂಗ್‌ನಲ್ಲೇ ಉಳಿದರೆ ಆ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಹೆಸರುಗಳು ಚಾರ್ಟಿನಲ್ಲಿ ಬರುವುದೇ ಇಲ್ಲ. ಒಬ್ಬೊಬ್ಬರಿಗೆ 60 ರೂ. ಕ್ಲರ್ಕೇಜ್ ಕಳೆದು ಉಳಿದ ಹಣ ವಾಪಸ್ ಬರುತ್ತದೆ. ಯಾರೂ ಅರ್ಜಿ ಹಾಕಬೇಕಿಲ್ಲ, ಸ್ಟೇಷನ್ನಿಗೆ ಅಲೆಯಬೇಕಿಲ್ಲ.

ಸ್ವಂತ ಮೊಬೈಲಿನಲ್ಲಿ ಟಿಕೆಟ್ ಮಾಡಿದವರಿಗೆ ಇದು ಒಳ್ಳೆಯ ನಿಯಮ. ತೊಂದರೆ ಇರುವುದು ಎಲ್ಲಿ ಅಂದರೆ, ಹಣ ವಾಪಸ್ ಹೋಗುವುದು ಬುಕಿಂಗ್ ಮಾಡುವಾಗ ಯಾವ ಖಾತೆಯಿಂದ ಕಟ್ಟಿದ್ದರೋ ಆ ಖಾತೆಗೆ. ಪ್ರಯಾಣಿಕರು ಏಜೆಂಟ್ ಕೈಗೆ ನಗದೋ ಫೋನ್‌ಪೇಯೋ ಮಾಡಿರುತ್ತಾರೆ. ರೈಲ್ವೆಗೆ ದುಡ್ಡು ಕಟ್ಟಿದ್ದು ಏಜೆಂಟ್ ಖಾತೆಯಿಂದ. ಹಾಗಾಗಿ ರಿಫಂಡ್ ಕೂಡ ಅವನ ಖಾತೆಗೇ ಹೋಗುತ್ತದೆ. ಪ್ರಯಾಣಿಕರಿಗೆ ಅದರ ಸುದ್ದಿಯೂ ಗೊತ್ತಾಗುವುದಿಲ್ಲ.

ನಾಲ್ಕು ಜನರ ಒಂದು ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ದೊಡ್ಡ ಮಕ್ಕಳು ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಸ್ಲೀಪರ್‌ನಲ್ಲಿ ಹೋಗಬೇಕು. ಲೆಕ್ಕ ಸುಲಭವಾಗಲಿ ಅಂತ ಒಬ್ಬರ ಟಿಕೆಟ್ 300 ರೂ. ಅಂದುಕೊಳ್ಳಿ. ರೈಲ್ವೆಗೆ ಕಟ್ಟಬೇಕಾದ ಹಣ 1,200 ರೂ. ಏಜೆಂಟ್ ಒಬ್ಬರಿಗೆ 700ರಂತೆ 2,800 ರೂ. ತೆಗೆದುಕೊಳ್ಳುತ್ತಾನೆ. ಬುಕ್ ಮಾಡಿದಾಗ ಸಿಕ್ಕಿದ್ದು ವೇಟಿಂಗ್ ಟಿಕೆಟ್.

ಅದೃಷ್ಟಕ್ಕೆ ಟಿಕೆಟ್ ಕನ್ಫರ್ಮ್ ಆದರೆ ಅವನಿಗೆ ಉಳಿಯುವುದು 1,600 ರೂ.

ಕನ್ಫರ್ಮ್ ಆಗದಿದ್ದರೆ? ನಾಲ್ಕು ಜನರ ಕ್ಲರ್ಕೇಜ್ 240 ರೂ. ಹೋಗಿ 960 ರೂ. ಅವನ ಖಾತೆಗೆ ವಾಪಸ್ ಬರುತ್ತದೆ. ಕೈಗೆ ಬಂದ 2,800 ಹಾಗೇ ಇದೆ. ಎರಡೂ ಸೇರಿ 3,760, ಅದರಲ್ಲಿ ಕಟ್ಟಿದ 1,200 ಕಳೆದರೆ ಲಾಭ 2,560 ರೂ. ಅಂದರೆ ಸೀಟು ಕೊಡಿಸಿದ್ದರೆ ಬರುತ್ತಿದ್ದುದಕ್ಕಿಂತ 960 ರೂ. ಜಾಸ್ತಿ.

ಕುಟುಂಬದವರು ಊರಿಗೆ ಬಂದು ಜಗಳ ಮಾಡಿದರು ಅಂತಲೇ ಇಟ್ಟುಕೊಳ್ಳಿ. "ರೈಲ್ವೆಯವರು ದುಡ್ಡು ಹಿಡಕೊಂಡಾರ, ಪಾಪ ಅಂತ ನನ್ನ ಕೈಯಿಂದ ಅರ್ಧ ಕೊಡ್ತೀನಿ" ಅಂತ 1,400 ರೂ. ಕೊಟ್ಟು ಕಳಿಸುತ್ತಾನೆ. ಆಗಲೂ ಅವನ ಜೇಬಿನಲ್ಲಿ 1,160 ರೂ. ಉಳಿಯುತ್ತದೆ. ಒಳ್ಳೆಯ ಹುಡುಗ ಅನ್ನುವ ಹೆಸರೂ ಉಳಿಯುತ್ತದೆ.

ಕುಟುಂಬದ ಲೆಕ್ಕ ನೋಡಿ. ಚಾರ್ಟಿನಲ್ಲಿ ಹೆಸರಿಲ್ಲದ ಇ-ಟಿಕೆಟ್ ಹಿಡಿದು ಗಾಡಿ ಹತ್ತಿದವರನ್ನು ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದವರು ಅಂತಲೇ ಲೆಕ್ಕ ಹಾಕಲಾಗುತ್ತದೆ. ಟಿಕೆಟ್ ದರದ ಜೊತೆಗೆ ಅಷ್ಟೇ ಮೊತ್ತ ಅಥವಾ 250 ರೂ., ಯಾವುದು ಹೆಚ್ಚೋ ಅದನ್ನು ದಂಡವಾಗಿ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಒಬ್ಬರಿಗೆ 600, ನಾಲ್ವರಿಗೆ 2,400 ರೂ. ಏಜೆಂಟ್‌ಗೆ ಕೊಟ್ಟಿದ್ದು ಸೇರಿದರೆ 5,200 ರೂ. ಇಷ್ಟು ಕಟ್ಟಿದ ಮೇಲೂ ಬರ್ತ್ ಸಿಗುವ ಖಾತ್ರಿ ಇಲ್ಲ, ಯಾಕೆಂದರೆ ಗಾಡಿಯಲ್ಲಿ ಬರ್ತ್ ಖಾಲಿ ಇಲ್ಲ.

ಸಣ್ಣ ವೇಟಿಂಗ್ ನಂಬರ್ ನಂಬಿ ಕೆಟ್ಟರು

ಎಲ್ಲ ಏಜೆಂಟ್‌ಗಳೂ ಪಿಡಿಎಫ್ ತಿದ್ದುವುದಿಲ್ಲ. ಕೆಲವರು ವೇಟಿಂಗ್ ಅಂತ ಹೇಳಿಯೇ ಕೊಡುತ್ತಾರೆ. "ಬರೀ ಎಂಟನೇ ನಂಬರ್ ಐತಿ, ಆಗೇ ಆಗ್ತೈತಿ" ಅನ್ನುತ್ತಾರೆ. ನಡುವಿನ ಸ್ಟೇಷನ್ನಿನಲ್ಲಿ ಹತ್ತುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು.

ಗಾಡಿ ಹೊರಡುವ ಮೂಲ ಸ್ಟೇಷನ್ನಿನಿಂದ ಹತ್ತುವವರ ವೇಟಿಂಗ್ ಲಿಸ್ಟಿಗೆ GNWL ಅಂತ ಬರುತ್ತದೆ. ಅದರಲ್ಲಿ ಸೀಟುಗಳು ಹೆಚ್ಚು, ರದ್ದು ಮಾಡುವವರೂ ಹೆಚ್ಚು, ಹಾಗಾಗಿ ಪಟ್ಟಿ ಬೇಗ ಮುಂದೆ ಹೋಗುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಂಥ ನಡುವಿನ ಊರುಗಳಿಂದ ಬುಕ್ ಮಾಡಿದರೆ ಹಲವು ಸಲ ಬರುವುದು PQWL ಅಥವಾ RLWL. ಈ ಊರುಗಳ ಪಾಲಿಗೆ ಇಟ್ಟಿರುವ ಸೀಟುಗಳೇ ಕಡಿಮೆ. ಆ ಕೆಲವೇ ಸೀಟುಗಳಲ್ಲಿ ಯಾರಾದರೂ ರದ್ದು ಮಾಡಿದರೆ ಮಾತ್ರ ಪಟ್ಟಿ ಕದಲುತ್ತದೆ. ಅದಕ್ಕೇ GNWL 30 ಕನ್ಫರ್ಮ್ ಆದ ಗಾಡಿಯಲ್ಲೇ PQWL 8 ಹಾಗೇ ಕೂತಿರುವುದು ಉಂಟು. ನಂಬರ್ ಸಣ್ಣದಿದೆ ಅನ್ನುವುದಕ್ಕಿಂತ ಅದರ ಹಿಂದಿನ ಅಕ್ಷರ ಯಾವುದು ಅನ್ನುವುದು ಮುಖ್ಯ.

"ತತ್ಕಾಲ್ ಗ್ಯಾರಂಟಿ" ಅನ್ನುವವರು

ಇನ್ನೊಂದು ಸಾಮಾನ್ಯ ಮಾತು, "ತತ್ಕಾಲ್‌ನಲ್ಲಿ ಗ್ಯಾರಂಟಿ ಮಾಡಿಸಿಕೊಡ್ತೀನಿ" ಅನ್ನುವುದು. ತತ್ಕಾಲ್ ಬುಕಿಂಗ್ ಪ್ರಯಾಣದ ಹಿಂದಿನ ದಿನ ತೆರೆಯುತ್ತದೆ. ಎಸಿ ಕೋಚ್‌ಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್ ಬುಕಿಂಗ್‌ಗೆ ಆಧಾರ್ ದೃಢೀಕರಣ ಮತ್ತು ಒಟಿಪಿ ಬೇಕೇ ಬೇಕು. ಲೈಸೆನ್ಸ್ ಇರುವ ಅಧಿಕೃತ ಏಜೆಂಟ್‌ಗಳಿಗೂ ಮೊದಲ ಅರ್ಧ ಗಂಟೆ ತತ್ಕಾಲ್ ಬುಕ್ ಮಾಡಲು ಅವಕಾಶ ಇಲ್ಲ. ಎಸಿಗೆ 10.30ರವರೆಗೆ, ಸ್ಲೀಪರ್‌ಗೆ 11.30ರವರೆಗೆ ಅವರು ಕಾಯಬೇಕು.

ಹಬ್ಬದ ದಿನ ತತ್ಕಾಲ್ ಸೀಟುಗಳು ಕೆಲವೇ ನಿಮಿಷದಲ್ಲಿ ಮುಗಿಯುತ್ತವೆ. ಅಂದಮೇಲೆ ಗ್ಯಾರಂಟಿ ಕೊಡುವವನ ಮುಂದೆ ಇರುವುದು ಎರಡೇ ದಾರಿ. ಒಂದು, ಬೇರೆ ಯಾರದೋ ಆಧಾರ್ ಜೋಡಿಸಿದ ಖಾಸಗಿ ಐಡಿಯಿಂದ ಕಳ್ಳತನದಲ್ಲಿ ಬುಕ್ ಮಾಡುವುದು. ಇನ್ನೊಂದು, ಬುಕ್ ಆಗದಿದ್ದರೂ ಆಗಿದೆ ಅಂತ ತೋರಿಸುವುದು.

ಬಣ್ಣ ಬಳಿದ ಪಿಡಿಎಫ್: ಮೂರು ಬಗೆ

ಮೊದಲನೆಯದು, ವೇಟಿಂಗ್ ಅಂತ ಇದ್ದ ಜಾಗದಲ್ಲಿ ಕೋಚ್ ಮತ್ತು ಬರ್ತ್ ನಂಬರ್ ಟೈಪ್ ಮಾಡಿ ಕೊಡುವುದು. ಇದರಲ್ಲಿ ಪಿಎನ್‌ಆರ್ ಅಸಲಿ, ಸೀಟು ಮಾತ್ರ ಸುಳ್ಳು. ಪಿಎನ್‌ಆರ್ ಹಾಕಿ ನೋಡಿದ ತಕ್ಷಣ ಸಿಕ್ಕಿಬೀಳುತ್ತದೆ.

ಎರಡನೆಯದು ಸ್ವಲ್ಪ ಚಾಲಾಕಿತನದ್ದು. ಟಿಕೆಟ್ ನಿಜಕ್ಕೂ ಕನ್ಫರ್ಮ್ ಆಗಿರುತ್ತದೆ. ಪ್ರಿಂಟ್ ಕೊಟ್ಟು ದುಡ್ಡು ತೆಗೆದುಕೊಂಡ ಮೇಲೆ ಏಜೆಂಟ್ ತನ್ನ ಐಡಿಯಲ್ಲಿ ಅದನ್ನು ರದ್ದು ಮಾಡಿಬಿಡುತ್ತಾನೆ. ಪ್ರಯಾಣಿಕರು ಟಿಕೆಟ್ ಬಂದ ದಿನವೇ ಪಿಎನ್‌ಆರ್ ನೋಡಿ ಸಮಾಧಾನವಾಗಿರುತ್ತಾರೆ. ಆಮೇಲೆ ಮತ್ತೆ ನೋಡುವುದಿಲ್ಲ. ರದ್ದಾದ ಟಿಕೆಟ್‌ಗೆ ಪಿಎನ್‌ಆರ್ ವಿವರದಲ್ಲಿ CAN ಅಂತ ಬರುತ್ತದೆ.

ಮೂರನೆಯದನ್ನು ಹಿಡಿಯುವುದು ಕಷ್ಟ. ಅದೇ ಗಾಡಿ, ಅದೇ ದಿನದ ಬೇರೆ ಯಾರದೋ ಕನ್ಫರ್ಮ್ ಟಿಕೆಟ್ ತೆಗೆದುಕೊಂಡು ಹೆಸರು, ವಯಸ್ಸು ಮಾತ್ರ ಬದಲಿಸಿ ಕೊಡುತ್ತಾರೆ. ಪಿಎನ್‌ಆರ್ ನೋಡಿದರೆ CNF ಅಂತಲೇ ಬರುತ್ತದೆ. ಯಾಕೆಂದರೆ ಪಿಎನ್‌ಆರ್ ವಿವರದಲ್ಲಿ ಪ್ರಯಾಣಿಕರ ಹೆಸರು ಕಾಣುವುದಿಲ್ಲ, ಪ್ಯಾಸೆಂಜರ್ 1, ಪ್ಯಾಸೆಂಜರ್ 2 ಅಂತಷ್ಟೇ ಇರುತ್ತದೆ. ಗಾಡಿಯಲ್ಲಿ ಟಿಸಿ ಪಟ್ಟಿಯಲ್ಲಿ ಹೆಸರು ಇರುತ್ತದೆ, ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಅಲ್ಲಿ ಗುಟ್ಟು ಬಯಲಾಗುತ್ತದೆ.

ಗಾಡಿ ಹತ್ತುವ ಮೊದಲೇ ಗೊತ್ತು ಮಾಡಿಕೊಳ್ಳುವುದು ಹೇಗೆ?

ಮೂರಕ್ಕೂ ಉಪಯೋಗವಾಗುವ ಒಂದು ಕೆಲಸವಿದೆ. ಬುಕಿಂಗ್ ಮಾಡುವಾಗ ಪ್ರಯಾಣಿಕರ ಸ್ವಂತ ಮೊಬೈಲ್ ನಂಬರ್ ಹಾಕಿಸುವುದು. ಆಗ ಪಿಎನ್‌ಆರ್, ಗಾಡಿ, ದಿನಾಂಕ, ಸೀಟಿನ ಸ್ಥಿತಿ ಇರುವ ಎಸ್‌ಎಂಎಸ್ ನೇರವಾಗಿ ಅವರ ಫೋನಿಗೇ ಬರುತ್ತದೆ. ಏಜೆಂಟ್ ಫಾರ್ವರ್ಡ್ ಮಾಡಿದ ಮೆಸೇಜ್, ಸ್ಕ್ರೀನ್‌ಶಾಟ್ ಯಾವುದೂ ಇದಕ್ಕೆ ಸಮ ಅಲ್ಲ, ಅವನ್ನು ತಿದ್ದಬಹುದು. "ನಿಮ್ಮ ನಂಬರ್ ಹಾಕೋಕೆ ಬರಲ್ಲ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಎರಡನೆಯ ಕೆಲಸ, ಪಿಎನ್‌ಆರ್ ಅನ್ನು ಎರಡು ಸಲ ನೋಡುವುದು. ಟಿಕೆಟ್ ಕೈಗೆ ಬಂದ ದಿನ ಒಮ್ಮೆ, ಚಾರ್ಟ್ ಆದ ಮೇಲೆ ಇನ್ನೊಮ್ಮೆ. 139ಕ್ಕೆ ಕರೆ ಮಾಡಬಹುದು, ಇಲ್ಲವೇ indianrail.gov.in ಅಥವಾ irctc.co.in ನಲ್ಲಿ 10 ಅಂಕಿಯ ಪಿಎನ್‌ಆರ್ ಹಾಕಬಹುದು. ಅಲ್ಲಿ ಎರಡು ಕಾಲಂ ಇರುತ್ತದೆ. ಬುಕಿಂಗ್ ಸ್ಟೇಟಸ್ ಅಂದರೆ ಟಿಕೆಟ್ ಮಾಡಿದ ದಿನದ ಸ್ಥಿತಿ. ಕರೆಂಟ್ ಸ್ಟೇಟಸ್ ಅಂದರೆ ಈಗಿನ ಸ್ಥಿತಿ. ನೋಡಬೇಕಾದದ್ದು ಕರೆಂಟ್ ಸ್ಟೇಟಸ್. CNF ಅಂದರೆ ಬರ್ತ್ ಇದೆ. RAC ಅಂದರೆ ಹತ್ತಬಹುದು, ಆದರೆ ಒಂದು ಬರ್ತಿನಲ್ಲಿ ಇಬ್ಬರು ಕೂರಬೇಕು. WL ಅಂತಲೇ ಉಳಿದಿದ್ದರೆ ಆ ಇ-ಟಿಕೆಟ್ ಹಿಡಿದು ಹತ್ತುವ ಹಾಗಿಲ್ಲ. ಜೊತೆಗೆ ಪ್ರಯಾಣಿಕರ ಸಂಖ್ಯೆ, ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್ ತಮ್ಮ ಟಿಕೆಟ್ಟಿನಲ್ಲಿ ಇರುವ ಹಾಗೇ ಇದೆಯಾ ಅಂತ ನೋಡಬೇಕು. ಬೇರೆಯವರ ಪಿಎನ್‌ಆರ್ ಆಗಿದ್ದರೆ ಹಲವು ಸಲ ಇಲ್ಲೇ ವ್ಯತ್ಯಾಸ ಕಾಣುತ್ತದೆ.

ಚಾರ್ಟ್ ವಿಷಯದಲ್ಲಿ ಈಗ ಒಂದು ಅನುಕೂಲ ಆಗಿದೆ. ಮೊದಲು ಗಾಡಿ ಹೊರಡುವ 4 ಗಂಟೆ ಮುಂಚೆ ಆಗುತ್ತಿದ್ದ ಮೊದಲ ಚಾರ್ಟನ್ನು ಇನ್ನೂ ಎಷ್ಟೋ ಮುಂಚೆಯೇ ಮಾಡುವ ಪದ್ಧತಿಯನ್ನು ರೈಲ್ವೆ 2025ರಲ್ಲಿ ತಂದಿತು. ಈ ಲೆಕ್ಕ ಗಾಡಿಯ ಮೂಲ ಸ್ಟೇಷನ್ನಿನ ಸಮಯಕ್ಕೆ ಸಂಬಂಧಿಸಿದ್ದು. ಮಧ್ಯಾಹ್ನದ ಮೇಲೆ ದೂರದ ಊರಿನಿಂದ ಹೊರಟು ರಾತ್ರಿ ನಮ್ಮ ತಾಲೂಕಿಗೆ ಬರುವ ಗಾಡಿಯಾದರೆ ಸೀಟಿನ ಹಣೆಬರಹ ಅವತ್ತು ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಗೊತ್ತಾಗಿರುತ್ತದೆ. ಆಗ ಬಸ್ಸಿಗೆ ಸೀಟು ನೋಡಿಕೊಳ್ಳಲು ಸಮಯ ಸಿಗುತ್ತದೆ. ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದರೆ ಆ ಅವಕಾಶವೂ ಹೋಗುತ್ತದೆ.

ಅಧಿಕೃತ ಏಜೆಂಟ್ ಆದರೆ ವ್ಯತ್ಯಾಸ ಏನು?

ಏಜೆಂಟ್ ಹತ್ತಿರ ಹೋಗುವುದೇ ತಪ್ಪು ಅಂತ ಅಲ್ಲ. ಮೊಬೈಲ್ ಬಳಸಲು ಬಾರದ ಹಿರಿಯರಿಗೆ, ಕಾರ್ಮಿಕರಿಗೆ ಏಜೆಂಟ್ ಬೇಕೇ ಬೇಕು. ಐಆರ್‌ಸಿಟಿಸಿ ಲೈಸೆನ್ಸ್ ಇರುವವರು ಸ್ಲೀಪರ್ ಟಿಕೆಟ್‌ಗೆ 20 ರೂ., ಎಸಿ ಟಿಕೆಟ್‌ಗೆ 40 ರೂ. ಸೇವಾ ಶುಲ್ಕ ತೆಗೆದುಕೊಳ್ಳಬಹುದು. ಇದು ತಲೆಗೆ ಅಲ್ಲ, ಇಡೀ ಟಿಕೆಟ್‌ಗೆ. ನಾಲ್ವರ ಟಿಕೆಟ್ ಆದರೂ 20 ರೂಪಾಯಿಯೇ. ಇದರ ಜೊತೆ ಹಣ ಪಾವತಿಯ ಸಣ್ಣ ಶುಲ್ಕ ಇರಬಹುದು. ಟಿಕೆಟ್ ಮೇಲೆ ಏಜೆಂಟಿನ ವಿವರ ಮತ್ತು ಈ ಶುಲ್ಕ ಅಚ್ಚಾಗಿರುತ್ತದೆ.

ಮುಖ್ಯ ವ್ಯತ್ಯಾಸ ರಿಫಂಡ್‌ನಲ್ಲಿದೆ. 2019ರ ಅಕ್ಟೋಬರ್‌ನಿಂದ ಅಧಿಕೃತ ಏಜೆಂಟ್ ಮಾಡಿದ ಟಿಕೆಟ್ ರದ್ದಾದರೆ, ಅಥವಾ ವೇಟಿಂಗ್‌ನಲ್ಲಿ ಉಳಿದು ತಾನಾಗಿ ರದ್ದಾದರೆ, ಪ್ರಯಾಣಿಕರ ಮೊಬೈಲಿಗೆ ಒಂದು ಒಟಿಪಿ ಬರುತ್ತದೆ. ಎಷ್ಟು ಹಣ ವಾಪಸ್ ಬರುತ್ತಿದೆ ಅನ್ನುವುದೂ ಆ ಮೆಸೇಜಿನಲ್ಲಿ ಇರುತ್ತದೆ. ಆ ಒಟಿಪಿಯನ್ನು ಏಜೆಂಟ್‌ಗೆ ತೋರಿಸಿ ರಿಫಂಡ್ ಪಡೆಯಬೇಕು. ಮೇಲಿನ ಉದಾಹರಣೆಯಲ್ಲಿ ಆ 960 ರೂ. ವಿಷಯ ಕುಟುಂಬಕ್ಕೆ ಆಗಲೇ ಗೊತ್ತಾಗಿಬಿಡುತ್ತಿತ್ತು. ಇದೂ ಕೆಲಸ ಮಾಡುವುದು ಪ್ರಯಾಣಿಕರ ನಂಬರ್ ಸರಿಯಾಗಿ ಹಾಕಿದ್ದರೆ ಮಾತ್ರ.

ಅಂಗಡಿಯವರು ಗಮನಿಸಬೇಕಾದದ್ದು

ಪೇಟೆಯ ಜೆರಾಕ್ಸ್ ಅಂಗಡಿ, ಮೊಬೈಲ್ ರೀಚಾರ್ಜ್ ಅಂಗಡಿಗಳಲ್ಲಿ ಸ್ವಂತ ಐಡಿಯಿಂದ ಗಿರಾಕಿಗಳಿಗೆ ಟಿಕೆಟ್ ಮಾಡಿಕೊಟ್ಟು 50, 100 ರೂ. ತೆಗೆದುಕೊಳ್ಳುವ ಅಭ್ಯಾಸ ಇದೆ. ಇದರಲ್ಲಿ ಮೋಸದ ಉದ್ದೇಶ ಇಲ್ಲದಿರಬಹುದು, ಆದರೂ ಇದು ಅಪರಾಧ. ಖಾಸಗಿ ಐಡಿ ಇರುವುದು ತನಗೆ ಮತ್ತು ತನ್ನವರಿಗೆ ಟಿಕೆಟ್ ಮಾಡಿಕೊಳ್ಳಲು, ಆಧಾರ್ ಜೋಡಿಸಿದ್ದರೆ ತಿಂಗಳಿಗೆ 24, ಇಲ್ಲದಿದ್ದರೆ 12 ಟಿಕೆಟ್. ಅದನ್ನು ವ್ಯಾಪಾರ ಮಾಡಿಕೊಂಡರೆ 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಅನ್ವಯಿಸುತ್ತದೆ. ಮೂರು ವರ್ಷದವರೆಗೆ ಜೈಲು, 10,000 ರೂ.ವರೆಗೆ ದಂಡ, ಅಥವಾ ಎರಡೂ.

"ಕಾಯ್ದೆ ಬಂದಾಗ ಆನ್‌ಲೈನ್ ಟಿಕೆಟ್ ಎಲ್ಲಿತ್ತು?" ಅನ್ನುವ ವಾದವೂ ಈಗ ನಿಲ್ಲುವುದಿಲ್ಲ. ಕೇರಳದ ಒಂದು ಪ್ರಕರಣದಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಈ ಸೆಕ್ಷನ್ ಇ-ಟಿಕೆಟ್‌ಗೂ ಅನ್ವಯಿಸುತ್ತದೆ ಅಂತ ಸ್ಪಷ್ಟವಾಗಿ ಹೇಳಿದೆ. ಇಂಥ ವ್ಯವಹಾರ ಮಾಡಬೇಕು ಅನ್ನುವವರು ಐಆರ್‌ಸಿಟಿಸಿ ಏಜೆಂಟ್ ಲೈಸೆನ್ಸ್ ತೆಗೆದುಕೊಳ್ಳಬಹುದು. ಸಿಎಸ್‌ಸಿ ಸೆಂಟರ್ ನಡೆಸುವವರಿಗೂ ಅದರ ಮೂಲಕ ಟಿಕೆಟ್ ಮಾಡಿಕೊಡುವ ದಾರಿ ಇದೆ.

ಆಪ್‌ಗಳ ವಿಷಯದಲ್ಲೂ ಎಚ್ಚರ ಬೇಕು. ವಾಟ್ಸಾಪ್ ಅಥವಾ ಟೆಲಿಗ್ರಾಂನಲ್ಲಿ ಫೈಲ್ ರೂಪದಲ್ಲಿ ಬರುವ ಬುಕಿಂಗ್ ಆಪ್ ಇನ್‌ಸ್ಟಾಲ್ ಮಾಡಬಾರದು. irctcconnect.apk ಅನ್ನುವ ನಕಲಿ ಆಪ್ ಬಗ್ಗೆ ಐಆರ್‌ಸಿಟಿಸಿ 2023ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅಂಥ ಆಪ್‌ಗೆ ಬೇಕಿರುವುದು ಬ್ಯಾಂಕ್ ವಿವರ, ಸೀಟು ಅಲ್ಲ.

ದುಡ್ಡು ಹೋದ ಮೇಲೆ

ಗುರುತಿಲ್ಲದ ನಂಬರಿಗೆ ಯುಪಿಐ ಮಾಡಿ ಮೋಸ ಹೋದವರು ತಕ್ಷಣ 1930ಕ್ಕೆ ಕರೆ ಮಾಡಬೇಕು, ಅಥವಾ cybercrime.gov.in ನಲ್ಲಿ ದೂರು ಹಾಕಬೇಕು. ಎಷ್ಟು ಬೇಗ ದೂರು ಕೊಟ್ಟರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಅವಕಾಶ ಅಷ್ಟು ಹೆಚ್ಚು. ಊರಿನ ಏಜೆಂಟೇ ಮೋಸ ಮಾಡಿದ್ದರೆ ರೈಲ್ವೆ ರಕ್ಷಣಾ ದಳಕ್ಕೆ, ಅಂದರೆ ಆರ್‌ಪಿಎಫ್‌ಗೆ ದೂರು ಕೊಡಬೇಕು. 139ಕ್ಕೂ ತಿಳಿಸಬಹುದು. ಪಿಡಿಎಫ್, ಹಣ ಕೊಟ್ಟ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಅಳಿಸಬಾರದು. ಟಿಸಿ ಹಾಕಿದ ದಂಡದ ರಸೀದಿಯನ್ನೂ ಇಟ್ಟುಕೊಳ್ಳಬೇಕು. ಕೊಟ್ಟ ಟಿಕೆಟ್ ಸುಳ್ಳು ಅನ್ನುವುದಕ್ಕೆ ಅದೇ ಗಟ್ಟಿ ಸಾಕ್ಷಿ.

ಗೂಗಲ್‌ನಲ್ಲಿ "ರಿಫಂಡ್ ಕಸ್ಟಮರ್ ಕೇರ್" ಅಂತ ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡುವುದು ಮಾತ್ರ ಬೇಡ. ರಿಫಂಡ್ ಕೊಡಿಸುತ್ತೇವೆ ಅಂತ ಕಾರ್ಡ್ ನಂಬರ್, ಬ್ಯಾಂಕಿನ ಒಟಿಪಿ ಕೇಳುವವರು ಅಲ್ಲಿ ಕಾಯುತ್ತಿರುತ್ತಾರೆ. ಮೊದಲು ಹೋಗಿದ್ದು ಟಿಕೆಟ್ ದುಡ್ಡು, ಈ ಸಲ ಹೋಗುವುದು ಖಾತೆಯಲ್ಲಿ ಇದ್ದಷ್ಟೂ.

ಸದ್ಯ ರೈಲ್ವೆ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಹಬ್ಬದಿಂದ ವಾಪಸ್ ಹೋಗುವ ದಿನಾಂಕ ಗೊತ್ತಿದ್ದವರು ಆ ದಿನ ಬೆಳಿಗ್ಗೆಯೇ ಪ್ರಯತ್ನ ಮಾಡಿದರೆ ಒಳ್ಳೆಯದು. ಆಮೇಲೆ ವೇಟಿಂಗ್ ಬಂದ ಗಾಡಿಯಲ್ಲಿ ಕನ್ಫರ್ಮ್ ಸೀಟು ಹುಟ್ಟಿಸುವ ಶಕ್ತಿ ಯಾವ ಏಜೆಂಟ್‌ಗೂ ಇಲ್ಲ. 300ರ ಟಿಕೆಟ್‌ಗೆ 700 ಕೇಳುವವನ ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: "ಕನ್ಫರ್ಮ್ ಆಗದಿದ್ರೆ ರಿಫಂಡ್ ಯಾರ ಖಾತೆಗೆ ಬರ್ತೈತಿ?"